‘ಸರಿ ಬಿಡು, ನಿನ್ನಿಷ್ಟ’

ರಾತ್ರಿ ಒಂಬತ್ತೂವರೆ. ಬೆಂಗಳೂರಿನಲ್ಲಿ ಜೋರು ಮಳೆ. ಮೆಟ್ರೋದ ನೂಕುನುಗ್ಗಲಿನಲ್ಲಿ ನಿಂತ ಮಗಳು ಫೋನ್ ತೆಗೆದು ನೋಡಿದರೆ ಅರಸೀಕೆರೆಯ ಅಮ್ಮನ ಮೂರು ಮಿಸ್ಡ್ ಕಾಲ್. ಕೆಳಗೊಂದು ವಾಟ್ಸಾಪ್ ಸಂದೇಶ: ‘ಟಿವಿಲಿ ಮಳೆ ತೋರಿಸ್ತಿದಾರೆ. ಎಲ್ಲಿದ್ದೀಯ? ಫೋನ್ ಎತ್ತೋಕೇನು ನಿಂಗೆ? ಇಲ್ಲಿ ಕೂತಿರೋರಿಗೆ ಎಷ್ಟು ಗಾಬರಿ ಆಗುತ್ತೆ ಅಂತ ಒಂದು ದಿನನಾದ್ರೂ ಯೋಚ್ನೆ ಮಾಡಿದ್ದೀಯಾ?’

ಮಗಳು ‘ಮೆಟ್ರೋದಲ್ಲಿದೀನಮ್ಮ’ ಎಂದು ಬರೆಯುತ್ತಾಳೆ. ಇಪ್ಪತ್ತು ನಿಮಿಷ ಬಿಟ್ಟು ‘ಮನೆ ಸೇರಿದೆ’ ಎನ್ನುತ್ತಾಳೆ. ಅಮ್ಮನ ಉತ್ತರ: ‘ಸರಿ, ತಲೆ ಒರೆಸ್ಕೊಂಡು ಏನಾದ್ರೂ ಬಿಸಿಯಾಗಿ ತಿಂದು ಮಲ್ಕೋ.’ ಅಲ್ಲಿಗೆ ಮುಗಿಯಿತು. ಮರುದಿನ ಆ ಮಾತು ಎರಡೂ ಕಡೆ ಯಾರಿಗೂ ನೆನಪಿಲ್ಲ.

ಅದೇ ಅಮ್ಮ, ಅದೇ ಮಗಳು, ಇನ್ನೊಂದು ದಿನ. ಗೌರಿ ಹಬ್ಬಕ್ಕೆ ಬರಲಾಗುವುದಿಲ್ಲ ಎಂದು ಮಗಳು ತಿಳಿಸಿದ್ದಾಳೆ. ಅಮ್ಮ ಬರೆದದ್ದು ಮೂರೇ ಪದ: ‘ಸರಿ ಬಿಡು, ನಿನ್ನಿಷ್ಟ.’ ಬೈಗುಳವಿಲ್ಲ, ದೂರಿಲ್ಲ, ಪ್ರಶ್ನೆಯೂ ಇಲ್ಲ. ಆದರೂ ಆ ಮೂರು ಪದ ಮಗಳ ಎದೆಯ ಮೇಲೆ ಮೂರು ದಿನ ಕೂತಿರುತ್ತವೆ.

ಮನೆಯವರ ಸಂದೇಶಗಳಲ್ಲಿ ನಿಜವಾದ ಕಾಳಜಿ ಯಾವುದು, ಮನಸ್ಸಿಗೆ ಹಂಗು ಹೇರಿ ಕೆಲಸ ಸಾಧಿಸುವ ಒತ್ತಡ ಯಾವುದು ಎಂದು ಗುರುತಿಸಲು ನಾವು ಸಾಮಾನ್ಯವಾಗಿ ಮಾತಿನ ಧಾಟಿ ನೋಡುತ್ತೇವೆ. ಮೃದುವಾಗಿದ್ದರೆ ಪ್ರೀತಿ, ಒರಟಾಗಿದ್ದರೆ ಒತ್ತಡ ಎಂದುಕೊಳ್ಳುತ್ತೇವೆ. ಮೇಲಿನ ಎರಡು ಸಂದೇಶಗಳಲ್ಲಿ ಆಗಿರುವುದು ಅದಕ್ಕೆ ತಿರುಗುಮುರುಗು. ಒರಟು ಸಂದೇಶ ‘ಮನೆ ಸೇರಿದೆ’ ಎಂಬ ಎರಡು ಪದಕ್ಕೆ ಕರಗಿತು. ಮೃದುವಾದದ್ದು ಯಾವ ಉತ್ತರಕ್ಕೂ ಕರಗಲಿಲ್ಲ.

ಗುರುತಿಸುವ ದಾರಿ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಸಂದೇಶ ಬಂದಾಗ ಅದರ ಪದಗಳನ್ನು ತೂಗುತ್ತಾ ಕೂರುವ ಬದಲು, ಅದು ಕೇಳುತ್ತಿರುವುದನ್ನು ಕೊಟ್ಟು ನೋಡಬೇಕು. ಗಾಬರಿಗೊಂಡವರಿಗೆ ಬೇಕಾದದ್ದು ಸುದ್ದಿ. ಎಲ್ಲಿದ್ದೀಯ, ಹೇಗಿದ್ದೀಯ, ಜ್ವರ ಇಳಿಯಿತಾ. ಸುದ್ದಿ ಸಿಕ್ಕ ಕೂಡಲೇ ಗಾಬರಿ ಇಳಿಯುತ್ತದೆ. ಒತ್ತಡ ಹಾಗಲ್ಲ. ಎಷ್ಟೇ ಸುದ್ದಿ ಕೊಟ್ಟರೂ, ಎಷ್ಟೇ ಸಮಾಧಾನ ಹೇಳಿದರೂ ಅದು ಬೇರೊಂದು ರೂಪದಲ್ಲಿ ಮತ್ತೆ ಬರುತ್ತದೆ, ಯಾಕೆಂದರೆ ಅದಕ್ಕೆ ಬೇಕಾದದ್ದು ಸುದ್ದಿಯಲ್ಲ, ನಿಮ್ಮ ಒಪ್ಪಿಗೆ. ಹಾಗಾಗಿ ಒಂದೇ ಸಂದೇಶ ಓದಿ ತೀರ್ಮಾನಿಸಲು ಆಗುವುದಿಲ್ಲ. ನೀವು ಉತ್ತರ ಕೊಟ್ಟ ಮೇಲೆ ಬರುವ ಎರಡನೆಯ ಸಂದೇಶ, ಮೂರನೆಯ ಸಂದೇಶ ವಿಷಯವನ್ನು ಬಿಡಿಸಿ ಹೇಳುತ್ತವೆ.

ಗೌರಿ ಹಬ್ಬದ ಪ್ರಸಂಗವನ್ನೇ ಪೂರ್ತಿ ನೋಡೋಣ. ಇದು ಯಾವುದೋ ಒಂದು ಮನೆಯದಲ್ಲ, ನಾನು ಕಟ್ಟಿಕೊಂಡ ಉದಾಹರಣೆ. ಆದರೆ ಹಳೆ ಮೈಸೂರು ಕಡೆಯವರು ಯಾರೇ ಓದಿದರೂ ಇದರಲ್ಲಿ ತಮ್ಮ ಫೋನಿನ ಒಂದೆರಡು ಸಾಲು ಸಿಕ್ಕೀತು.

ಹಬ್ಬಕ್ಕೆ ಹತ್ತು ದಿನ ಇರುವಾಗ ಅಮ್ಮನ ಸಂದೇಶ: ‘ಪುಟ್ಟಿ, ಯಾವತ್ತು ಬರ್ತೀಯ? ಬಾಗಿನಕ್ಕೆ ಮೊರ ತಂದಿಟ್ಟಿದ್ದೀನಿ.’ ಇದರಲ್ಲಿ ಯಾವ ಒತ್ತಡವೂ ಇಲ್ಲ. ಮದುವೆಯಾದ ಮಗಳಿಗೆ ಗೌರಿ ಹಬ್ಬದಲ್ಲಿ ಮೊರದ ಬಾಗಿನ ಕೊಡುವುದು ತವರಿನ ದೊಡ್ಡ ಸಂಭ್ರಮ. ಅರಿಶಿನ, ಕುಂಕುಮ, ಬಳೆ, ಕರಿಮಣಿ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ, ಬೇಳೆ, ಬೆಲ್ಲದಚ್ಚು ಎಲ್ಲ ಜೋಡಿಸಿಟ್ಟು ಕಾಯುವ ತಾಯಿಯ ಆಸೆ ಸಣ್ಣದಲ್ಲ. ಮಗಳ ಉತ್ತರ: ‘ಈ ಸಲ ಆಗಲ್ಲಮ್ಮ. ರಜೆ ಸಿಗ್ತಿಲ್ಲ. ಮುಂದಿನ ತಿಂಗಳು ಎರಡನೇ ಶನಿವಾರ ಬಂದು ಎರಡು ದಿನ ಇರ್ತೀನಿ.’

‘ಸರಿ ಬಿಡು, ನಿನ್ನಿಷ್ಟ.’

ಮರುದಿನ ಬೆಳಿಗ್ಗೆ: ‘ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬಿ.ಪಿ. ಏರಿರ್ಬೇಕು.’ ಮಗಳು ಗಾಬರಿಯಿಂದ ಕೇಳುತ್ತಾಳೆ: ‘ಚೆಕ್ ಮಾಡಿಸಿದ್ಯಾ? ಎಷ್ಟಿದೆ? ಮಾತ್ರೆ ತಗೊಂಡ್ಯಾ?’ ಅಮ್ಮ: ‘ಅದೆಲ್ಲ ಇರ್ಲಿ ಬಿಡು. ಇನ್ನೆಷ್ಟು ಹಬ್ಬ ನೋಡ್ತೀನೋ ನಾನು.’

ಈ ಒಂದು ತಿರುವಿನಲ್ಲಿ ಸ್ವಲ್ಪ ನಿಲ್ಲಬೇಕು. ಮಗಳು ಕೇಳಿದ್ದು ಬಿ.ಪಿ. ಎಷ್ಟಿದೆ ಎಂದು. ವಿಷಯ ಆರೋಗ್ಯವೇ ಆಗಿದ್ದರೆ ಆ ಪ್ರಶ್ನೆಗೆ ಉತ್ತರ ಬರಬೇಕಿತ್ತು: ಇಷ್ಟಿದೆ, ಇನ್ನೂ ನೋಡಿಸಿಲ್ಲ, ಮಾತ್ರೆ ಮುಗಿದಿದೆ, ಏನಾದರೂ. ಅದರ ಬದಲು ಪ್ರಶ್ನೆಯನ್ನೇ ಪಕ್ಕಕ್ಕೆ ತಳ್ಳಿ ಮಾತು ಹಬ್ಬಕ್ಕೆ ಹಿಂತಿರುಗಿತು. ನೋವನ್ನು ಹೇಳಿಕೊಂಡು, ನೋವಿಗೆ ಸಿಗುವ ಸಹಾಯವನ್ನು ಬೇಡ ಎನ್ನುವುದು ಒತ್ತಡದ ತುಂಬಾ ಸ್ಪಷ್ಟವಾದ ಗುರುತು. ಹಾಗೆಂದು ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರೆ ಅದು ಅನ್ಯಾಯ. ನಿದ್ದೆ ಬಂದಿರಲಿಕ್ಕಿಲ್ಲ. ಬೇಸರ, ನಿದ್ದೆಗೇಡು ಎರಡೂ ರಕ್ತದ ಒತ್ತಡವನ್ನು ನಿಜವಾಗಿಯೇ ಏರಿಸಬಲ್ಲವು. ಸಂಕಟ ಸುಳ್ಳಲ್ಲ. ಆದರೆ ಅದನ್ನು ಈಗ ಒಂದು ಕೆಲಸಕ್ಕೆ ಹಚ್ಚಲಾಗಿದೆ.

ಅದೇ ಸಂಜೆ: ‘ಪಕ್ಕದ ಮನೆ ಹುಡುಗಿ ಮೈಸೂರಿಂದ ಬಂದ್ಲು. ಅವ್ಳೂ ಕೆಲ್ಸಕ್ಕೆ ಹೋಗೋಳೇ.’ ಮಾರನೆ ದಿನ ಚಿಕ್ಕಮ್ಮನಿಂದ: ‘ಅಕ್ಕ ನಿನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣೇ. ಏನಂದೆ ನೀನು?’ ಅದರ ಮರುದಿನ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಖಾಲಿ ಮೊರದ ಫೋಟೊ: ‘ಈ ಸಲ ಬಾಗಿನ ಯಾರಿಗೆ ಕೊಡೋದೋ.’ ಕೆಳಗೆ ಅತ್ತೆ, ದೊಡ್ಡಪ್ಪ, ಸೋದರಮಾವ ಎಲ್ಲರ ಕೈಮುಗಿದ ಚಿಹ್ನೆ, ಅಳುಮುಖ.

ಅಮೆರಿಕದ ಚಿಕಿತ್ಸಕಿ ಸೂಸನ್ ಫಾರ್ವರ್ಡ್ 1997ರಲ್ಲಿ ಬರೆದ ‘ಎಮೋಷನಲ್ ಬ್ಲ್ಯಾಕ್‌ಮೇಲ್’ ಪುಸ್ತಕದಲ್ಲಿ ಇಂಥ ಪ್ರಸಂಗಗಳ ಹೆಜ್ಜೆಗಳನ್ನು ವಿವರಿಸಿದ್ದಾರೆ. ಮೊದಲು ಬೇಡಿಕೆ, ಆಮೇಲೆ ಎದುರಿನವರ ನಿರಾಕರಣೆ, ಅದರ ಮೇಲೆ ಒತ್ತಡ, ಒತ್ತಡ ಸಾಲದಾದರೆ ಬೆದರಿಕೆ, ಕೊನೆಗೆ ಶರಣಾಗತಿ. ಆರನೆಯದು ಪುನರಾವರ್ತನೆ. ನಮ್ಮ ಉದಾಹರಣೆಯಲ್ಲಿ ಮೊದಲ ಮೂರು ಹೆಜ್ಜೆಗಳು ಕಣ್ಣಿಗೆ ಕಾಣುತ್ತವೆ. ‘ಇನ್ನೆಷ್ಟು ಹಬ್ಬ ನೋಡ್ತೀನೋ’ ಎಂಬುದು ನಾಲ್ಕನೆಯದರ ಹೊಸ್ತಿಲಿನಲ್ಲಿದೆ. ಮಗಳು ಈಗ ಹೇಗೋ ರಜೆ ಹೊಂದಿಸಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಬಸ್ಸು ಹತ್ತಿದರೆ ಹಬ್ಬ ಚೆನ್ನಾಗಿಯೇ ಆಗುತ್ತದೆ. ಆದರೆ ನೇರವಾಗಿ ಕೇಳಿದರೆ ಸಿಗದದ್ದು ಹೀಗೆ ಕೇಳಿದರೆ ಸಿಗುತ್ತದೆ ಎಂಬ ಪಾಠ ಅಮ್ಮನಿಗೂ ಆಗಿರುತ್ತದೆ. ಯಾರೂ ಕುತಂತ್ರ ಮಾಡಿ ಕಲಿತದ್ದಲ್ಲ, ಹಾಗೇ ಕಲಿತುಬಿಡುವುದು. ದೀಪಾವಳಿಗೆ ಮೊದಲ ಸಂದೇಶವೇ ನಿದ್ದೆ ಬರದ ಸುದ್ದಿಯಿಂದ ಆರಂಭವಾದರೆ ಆಶ್ಚರ್ಯವಿಲ್ಲ.

ಮೂರು ಪದ ಇಷ್ಟು ಭಾರವಾಗುವುದೇಕೆ? ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ತಪ್ಪಿತಸ್ಥ ಭಾವ ಒಬ್ಬರ ಮನಸ್ಸಿನೊಳಗಷ್ಟೇ ಹುಟ್ಟುವಂಥದ್ದಲ್ಲ, ಹತ್ತಿರದ ಸಂಬಂಧಗಳ ನಡುವೆ ಹುಟ್ಟುವಂಥದ್ದು ಎಂದು ವಾದಿಸಿದರು. ನಿಮ್ಮ ಮೇಲೆ ಪ್ರೀತಿ ಇಲ್ಲದವರನ್ನು ಹೀಗೆ ನೋಯಿಸಿ ಒಪ್ಪಿಸಲು ಆಗುವುದಿಲ್ಲ. ಬೀದಿಯಲ್ಲಿ ಹೋಗುವವರು ‘ನಿನ್ನಿಷ್ಟ’ ಎಂದರೆ ನಾವು ಹೌದು ನನ್ನಿಷ್ಟ ಎಂದು ನಡೆದುಬಿಡುತ್ತೇವೆ. ಅಮ್ಮ ಹೇಳಿದರೆ ಕಾಲು ಎತ್ತಲಾಗುವುದಿಲ್ಲ.

ಅದೇ ಪ್ರಬಂಧದ ಇನ್ನೊಂದು ಮಾತು ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿತು. ಇನ್ನೊಬ್ಬರಲ್ಲಿ ಈ ಭಾವ ಹುಟ್ಟಿಸುವುದು ಸಂಬಂಧದಲ್ಲಿ ಅಧಿಕಾರ ಕಡಿಮೆ ಇರುವವರ ಕೈಗೆ ಸಿಗುವ ದಾರಿ ಎಂಬುದು. ಅಧಿಕಾರ ಇದ್ದವರು ಅಪ್ಪಣೆ ಮಾಡುತ್ತಾರೆ. ಅದಿಲ್ಲದವರು ತಮ್ಮ ಸಂಕಟವನ್ನು ಮುಂದಿಡುತ್ತಾರೆ. ನಮ್ಮ ತಾಯಂದಿರ ತಲೆಮಾರನ್ನು ನೆನೆಸಿಕೊಂಡರೆ ಇದು ಎದ್ದು ಕಾಣುತ್ತದೆ. ತುಂಬಿದ ಮನೆಗೆ ಸೊಸೆಯಾಗಿ ಬಂದವಳು ‘ನಂಗೆ ತವರಿಗೆ ಹೋಗ್ಬೇಕು ಅನ್ನಿಸ್ತಿದೆ’ ಎಂದು ಅತ್ತೆಯ ಎದುರು ನಿಂತು ಹೇಳುವ ಹಾಗೆಲ್ಲಿತ್ತು? ತಲೆನೋವು ಎನ್ನಬೇಕಿತ್ತು. ಊಟ ಬಿಡಬೇಕಿತ್ತು. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳಬೇಕಿತ್ತು, ಯಾರಾದರೂ ನೋಡಿ ‘ಯಾಕವ್ವ’ ಎಂದು ಕೇಳುವ ತನಕ. ನನಗಿದು ಬೇಕು ಎಂದು ನೇರವಾಗಿ ಕೇಳುವ ಅಭ್ಯಾಸವೇ ಆಗದ ಹೆಂಗಸು ಅರವತ್ತನೆಯ ವಯಸ್ಸಿನಲ್ಲಿ ವಾಟ್ಸಾಪಿನಲ್ಲಿಯೂ ಅದೇ ದಾರಿ ಹಿಡಿಯುತ್ತಾಳೆ. ಇದು ಗೊತ್ತಿದ್ದರೆ ಒತ್ತಡ ಕಡಿಮೆಯಾಗುವುದಿಲ್ಲ, ನಿಜ. ಆದರೆ ಓದುವವರ ಸಿಟ್ಟು ಕಡಿಮೆಯಾಗುತ್ತದೆ, ಮತ್ತು ಉತ್ತರದ ಧಾಟಿ ಬದಲಾಗುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ದಿಕ್ಕಿನ ತಪ್ಪಿನ ಬಗ್ಗೆಯೂ ಹೇಳಲೇಬೇಕು. ಒತ್ತಡದ ಲಕ್ಷಣಗಳ ಪಟ್ಟಿ ಹಿಡಿದು ಕನ್ನಡದ ಮನೆಗಳ ಮಾತನ್ನು ಅಳೆಯಲು ಹೊರಟರೆ ಪ್ರೀತಿಯೇ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಅಕ್ಕರೆ ಆಕ್ಷೇಪಣೆಯ ವೇಷದಲ್ಲಿಯೇ ಬರುವುದು ಹೆಚ್ಚು. ‘ದೊಡ್ಡ ಮನುಷ್ಯ ಆಗ್ಬಿಟ್ಟೆ, ನಮ್ಮನ್ನೆಲ್ಲಿ ನೆನೆಸ್ಕೋತೀಯ’ ಎಂಬ ಅಜ್ಜಿಯ ಮಾತು ಪದಶಃ ನೋಡಿದರೆ ಹಂಗಿಸುವ ಮಾತೇ. ಆದರೆ ‘ಇಲ್ಲಜ್ಜಿ, ನಿನ್ನ ಕೈರುಚಿ ದಿನಾ ನೆನೆಸ್ಕೋತೀನಿ’ ಎಂದು ನೋಡಿ, ಅವಳು ನಕ್ಕು ಊಟದ ವಿಷಯಕ್ಕೆ ಬಂದುಬಿಡುತ್ತಾಳೆ. ಆಕ್ಷೇಪಣೆಗೆ ಬೇಕಿದ್ದದ್ದು ನಿಮ್ಮ ಎರಡು ನಿಮಿಷದ ಗಮನ, ಅದು ಸಿಕ್ಕಿತು. ಇಲ್ಲಿಯೂ ಪರೀಕ್ಷೆ ಅದೇ: ಉತ್ತರ ಕೊಟ್ಟ ಮೇಲೆ ಮಾತು ಇಳಿಯಿತೇ, ಏರಿತೇ?

ಅಪ್ಪಂದಿರದು ಇನ್ನೊಂದು ಬಗೆ. ‘ನಿಮ್ಮಮ್ಮ ಕೇಳ್ತಿದ್ಲು, ಯಾಕೋ ಎರಡು ದಿನದಿಂದ ಫೋನ್ ಇಲ್ಲ ಅಂತ.’ ಅಮ್ಮ ಕೇಳಿರಬಹುದು, ಕೇಳದೆಯೂ ಇರಬಹುದು. ಬಹಳ ಸಲ ಕೇಳಬೇಕೆನಿಸಿದ್ದು ಅಪ್ಪನಿಗೇ. ನನಗೆ ನಿನ್ನ ಚಿಂತೆ ಎಂದು ಹೇಳಲು ಬಾಯಿ ಬಾರದೆ ಅದನ್ನು ಹೆಂಡತಿಯ ಹೆಸರಿನಲ್ಲಿ ಕಳಿಸುತ್ತಾರೆ. ಇದನ್ನೂ, ಚಿಕ್ಕಮ್ಮನಿಂದ ಹೇಳಿಸಿದ್ದನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಅಪ್ಪನ ಸಂದೇಶಕ್ಕೆ ‘ಚೆನ್ನಾಗಿದೀನಪ್ಪ’ ಎಂದರೆ ‘ಹ್ಞೂಂ, ಸರಿ’ ಎಂದು ಮುಗಿಯುತ್ತದೆ. ಚಿಕ್ಕಮ್ಮನ ಪ್ರಶ್ನೆಗೆ ನೀವು ಏನೇ ಹೇಳಿದರೂ ಅದು ನಾಲ್ಕು ಮನೆ ಸುತ್ತಿ ಹಿಂತಿರುಗುತ್ತದೆ.

ಜೊತೆಗೆ, ಬರಹಕ್ಕೆ ದನಿ ಇಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತವರ ಸಂಗಡಿಗರು ಇ-ಮೇಲ್ ಬಗ್ಗೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಬರೆದದ್ದು ತಮಾಷೆಯೋ ಗಂಭೀರವೋ ಎಂಬುದು ಓದುವವರಿಗೆ ಸುಲಭವಾಗಿ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು. ಓದಿದವರು ಮಾತ್ರ ಅವರು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಸಲ ತಪ್ಪು ಊಹಿಸಿದರು. ಬರೆಯುವಾಗ ನಮ್ಮ ಕಿವಿಯಲ್ಲಿ ನಮ್ಮದೇ ದನಿ ಕೇಳುತ್ತಿರುತ್ತದೆ, ಅದು ಅಕ್ಷರದ ಜೊತೆ ಹೋಗುವುದಿಲ್ಲ ಎಂಬುದು ನಮಗೆ ಹೊಳೆಯುವುದಿಲ್ಲ. ‘ಸರಿ’ ಎಂಬ ಒಂದೇ ಪದ ಒಪ್ಪಿಗೆಯೂ ಆಗಬಹುದು, ಮುನಿಸೂ ಆಗಬಹುದು, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದಾಗ ಅವಸರದಲ್ಲಿ ಒತ್ತಿದ್ದೂ ಆಗಬಹುದು. ನೀಲಿ ಗೆರೆ ಬಂದು ಉತ್ತರ ಬರದಿದ್ದರೆ ಅದು ಮೌನದ ಶಿಕ್ಷೆಯೇ ಆಗಬೇಕಿಲ್ಲ, ಕನ್ನಡಕ ಹುಡುಕುತ್ತಿರಬಹುದು. ಅನುಮಾನ ಬಂದಲ್ಲಿ ಫೋನ್ ಮಾಡುವುದು ಒಳ್ಳೆಯದು. ದನಿ ಕೇಳಿದ ಮೂವತ್ತು ಸೆಕೆಂಡಿನಲ್ಲಿ ತಿಳಿಯುವುದು ಮೂವತ್ತು ಸಂದೇಶದಲ್ಲಿ ತಿಳಿಯುವುದಿಲ್ಲ.

ನಾನೇ ಇದರಲ್ಲಿ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅಮ್ಮ ಒಂದು ಮಧ್ಯಾಹ್ನ ‘ಏನಿಲ್ಲ, ಸುಮ್ನೆ ಮೆಸೇಜ್ ಮಾಡ್ದೆ. ನಿನ್ನ ಕೆಲಸ ನೋಡ್ಕೋ’ ಎಂದು ಬರೆದಿದ್ದಳು. ವಾರದಿಂದ ನಾವಿಬ್ಬರೂ ಸ್ವಲ್ಪ ಮುನಿಸಿನಲ್ಲಿದ್ದೆವು. ಮತ್ತೆ ಚುಚ್ಚುತ್ತಿದ್ದಾಳೆ ಎಂದುಕೊಂಡು ಸಂಜೆಯ ತನಕ ಉತ್ತರಿಸಲಿಲ್ಲ. ಆವತ್ತು ಅವಳು ಬಚ್ಚಲಲ್ಲಿ ಜಾರಿ ಬಿದ್ದು, ಮಣಿಕಟ್ಟು ಊದಿಕೊಂಡು, ಎಡಗೈಯಲ್ಲಿ ಆ ಅಕ್ಷರಗಳನ್ನು ಒತ್ತಿದ್ದಳು. ಸಂದೇಶದಲ್ಲಿ ಬೇಡಿಕೆಯೇ ಇರಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು. ಒತ್ತಡ ಎಷ್ಟೇ ಸುತ್ತಿ ಬಳಸಿ ಬಂದರೂ ಅದರ ಬುಡದಲ್ಲಿ ಒಂದು ಬೇಡಿಕೆ ಇದ್ದೇ ಇರುತ್ತದೆ, ನೀವು ಈಗಾಗಲೇ ಇಲ್ಲ ಎಂದಿರುವ ಬೇಡಿಕೆ. ಅಂಥದ್ದೇನೂ ಇಲ್ಲದೆ ಬಂದ ಅಸಾಮಾನ್ಯ ಸಂದೇಶವನ್ನು ಆರೋಗ್ಯದ ಸುದ್ದಿಯೆಂದೇ ಮೊದಲು ಓದಬೇಕು.

ಇನ್ನೂ ಒಂದು ಬಗೆ ಇದೆ. ಕಾಳಜಿಯೂ ಅಲ್ಲ, ಒತ್ತಡವೂ ಅಲ್ಲ, ನ್ಯಾಯವಾದ ದೂರು. ‘ಕಣ್ಣಿನ ಪೊರೆ ಆಪರೇಷನ್ ದಿನ ಬರ್ತೀನಿ ಅಂದಿದ್ದೆ, ಬರಲಿಲ್ಲ. ಬೇಜಾರಾಯ್ತು’ ಎಂದು ಅಪ್ಪ ಬರೆದರೆ ಅದು ಭಾವನಾತ್ಮಕ ಬ್ಲ್ಯಾಕ್‌ಮೇಲ್ ಅಲ್ಲ. ಮಾತು ಕೊಟ್ಟು ತಪ್ಪಿದ್ದೀರಿ, ಅವರಿಗೆ ನೋವಾಗಿದೆ, ಹೇಳಿದ್ದಾರೆ. ಆಗ ಹುಟ್ಟುವ ಅಪರಾಧಿ ಭಾವ ನಿಮ್ಮದೇ, ಅದನ್ನು ಯಾರೂ ಹೇರಿಲ್ಲ. ಈ ಎರಡನ್ನು ಬಿಡಿಸಿ ನೋಡಲು ನನಗೆ ತೋಚುವ ವ್ಯತ್ಯಾಸ ಇಷ್ಟು: ನ್ಯಾಯವಾದ ದೂರು ಒಂದು ಘಟನೆಯ ಬಗ್ಗೆ ಇರುತ್ತದೆ. ಯಾವ ದಿನ, ಏನು ಮಾತು, ಏನಾಯಿತು ಎಂದು ಬೆರಳಿಟ್ಟು ತೋರಿಸಬಹುದು. ಕ್ಷಮೆ ಕೇಳಬಹುದು, ಸರಿಪಡಿಸಬಹುದು, ಸರಿಪಡಿಸಿದ ಮೇಲೆ ಮುಗಿಯುತ್ತದೆ. ಹಂಗಿಸುವ ಮಾತು ಇಡೀ ಮನುಷ್ಯನ ಮೇಲೆ ಬರುತ್ತದೆ: ‘ನಿನಗೆ ಕರುಳೇ ಇಲ್ಲ’, ‘ಒಂಬತ್ತು ತಿಂಗಳು ಹೊತ್ತಿದ್ದಕ್ಕೆ ಇದಾ’. ಒಂಬತ್ತು ತಿಂಗಳ ಸಾಲವನ್ನು ಯಾವ ಹಬ್ಬಕ್ಕೆ ಬಂದು ತೀರಿಸುವುದು? ತೀರಿಸಲಾಗದ ಲೆಕ್ಕವನ್ನು ಮುಂದಿಟ್ಟಾಗಲೇ ಅದು ಸರಿಪಡಿಸುವ ಉದ್ದೇಶದಿಂದ ಬಂದ ಮಾತಲ್ಲ ಎಂದು ತಿಳಿಯುತ್ತದೆ.

ಈಗ ಮತ್ತೆ ಗೌರಿ ಹಬ್ಬದ ಮಗಳ ಬಳಿಗೆ ಬರೋಣ. ಚಿಕ್ಕಮ್ಮನ ಪ್ರಶ್ನೆ ಬಂದಿದೆ, ಗುಂಪಿನಲ್ಲಿ ಖಾಲಿ ಮೊರದ ಫೋಟೊ ಇದೆ. ಸಾಮಾನ್ಯವಾಗಿ ಆಗುವ ತಪ್ಪು, ಕಾರಣಗಳ ಮೇಲೆ ಕಾರಣ ಕೊಡುತ್ತಾ ಹೋಗುವುದು. ರಜೆ ಇಲ್ಲ ಎಂದರೆ ‘ಪಕ್ಕದ ಮನೆಯವಳಿಗೆ ಸಿಕ್ತಲ್ಲ’. ಮಗುವಿಗೆ ಶೀತ ಎಂದರೆ ‘ಇಲ್ಲಿಗೆ ಬಂದ್ರೆ ಕಷಾಯ ಮಾಡ್ಕೊಡ್ತಿರ್ಲಿಲ್ವಾ’. ಬಸ್ಸಿನಲ್ಲಿ ಸೀಟಿಲ್ಲ ಎಂದರೆ ‘ಮಾವನ ಕಾರಿದೆ’. ಪ್ರತಿ ಕಾರಣವೂ ಅಮ್ಮನ ಪಾಲಿಗೆ ಬಿಡಿಸಬಹುದಾದ ಒಂದು ಗಂಟು. ಎಲ್ಲ ಗಂಟು ಬಿಚ್ಚಿದ ಮೇಲೂ ನೀನು ಬರಲಿಲ್ಲ ಎಂದರೆ ನಿನಗೆ ಮನಸ್ಸಿಲ್ಲ ಎಂದಾಯಿತು.

ಅದರ ಬದಲು ಮಗಳು ಮಾಡಬೇಕಾದ ಮೊದಲ ಕೆಲಸ, ಒಟ್ಟಿಗೆ ಹೊಸೆದುಕೊಂಡ ಎರಡು ಎಳೆಗಳನ್ನು ಬೇರೆ ಮಾಡುವುದು. ಒಂದು ಎಳೆ ಆರೋಗ್ಯ, ಇನ್ನೊಂದು ಹಬ್ಬ. ಆರೋಗ್ಯದ ಎಳೆಗೆ ಪೂರ್ತಿ, ಶಂಕೆಯಿಲ್ಲದ ಉತ್ತರ ಕೊಡಬೇಕು. ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ ‘ಇವತ್ತೇ ಅಮ್ಮನ ಬಿ.ಪಿ. ನೋಡಿಸಿ ಎಷ್ಟಿದೆ ಹೇಳು’ ಎನ್ನಬೇಕು. ಮಾತ್ರೆ ಮುಗಿದಿದ್ದರೆ ತರಿಸಬೇಕು. ನಿಜವಾಗಿ ಏರಿದ್ದರೆ ಡಾಕ್ಟರ ಬಳಿ ಕಳಿಸಬೇಕು. ತೀರಾ ಹದಗೆಟ್ಟಿದ್ದರೆ ಹಬ್ಬ ಇರಲಿ ಇಲ್ಲದಿರಲಿ ಹೊರಡಬೇಕು. ಸಂಖ್ಯೆ ಸರಿಯಾಗಿದ್ದರೆ ಆ ಎಳೆ ಅಲ್ಲಿಗೆ ಬಿಟ್ಟಿತು.

ಹಬ್ಬದ ಎಳೆಗೆ ಉತ್ತರ ಒಂದೇ ಸಲ, ಅದೂ ಸಂದೇಶದಲ್ಲಲ್ಲ, ಫೋನಿನಲ್ಲಿ: ‘ಅಮ್ಮ, ಮೊರ ತಂದಿಟ್ಕೊಂಡು ಕಾಯ್ತಿದ್ದೆ, ನಾನು ಬರಲ್ಲ ಅಂದಿದ್ದು ನಿಂಗೆ ತುಂಬಾ ಬೇಜಾರಾಗಿದೆ ಅಂತ ಗೊತ್ತು. ನಂಗೂ ಬೇಜಾರಿದೆ. ಈ ಸಲ ಹಬ್ಬಕ್ಕೆ ಬರೋಕಾಗಲ್ಲ. ಎರಡನೇ ಶನಿವಾರ ಬೆಳಿಗ್ಗೆ ಬರ್ತೀನಿ, ಬಾಗಿನ ಆವತ್ತು ಕೊಡು. ಇಲ್ಲಾಂದ್ರೆ ತಮ್ಮನ ಕೈಲಿ ಕಳ್ಸು, ನಾನಿಲ್ಲಿ ತಗೋತೀನಿ.’ ತವರಿನಿಂದ ಅಣ್ಣತಮ್ಮಂದಿರು ಬಾಗಿನ ತಂದು ಕೊಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಈ ಮಾತಿನಲ್ಲಿ ಅಮ್ಮನ ಬೇಸರವನ್ನು ಹೆಸರು ಹಿಡಿದು ಹೇಳಿದೆ, ತೀರ್ಮಾನ ಇದೆ, ಬರುವ ದಿನ ಇದೆ. ಸಮರ್ಥನೆ ಇಲ್ಲ, ವಾದ ಇಲ್ಲ. ‘ನೀನು ಬ್ಲ್ಯಾಕ್‌ಮೇಲ್ ಮಾಡ್ತಿದ್ದೀಯ’ ಎಂಬ ಮಾತಂತೂ ಇಲ್ಲ. ಆ ಪದ ಬಾಯಿಂದ ಬಿದ್ದ ಕ್ಷಣ ಹಬ್ಬದ ವಿಷಯ ಹೋಗಿ, ಅಮ್ಮನಿಗೆ ಮಗಳು ಏನೆಂದಳು ಎಂಬುದೇ ವರ್ಷಗಟ್ಟಲೆಯ ವಿಷಯವಾಗುತ್ತದೆ.

ಚಿಕ್ಕಮ್ಮನಿಗೆ: ‘ಅಮ್ಮನ ಹತ್ರ ನಾನೇ ಮಾತಾಡಿದೀನಿ ಚಿಕ್ಕಮ್ಮ, ಊಟ ಮಾಡ್ಸಿ ಸ್ವಲ್ಪ.’ ಗುಂಪಿನ ಫೋಟೊಗೆ ಉತ್ತರವೇ ಬೇಡ. ಇಬ್ಬರ ನಡುವಿನ ಮಾತನ್ನು ಹತ್ತು ಜನರ ಎದುರು ಇಟ್ಟಾಗ ಅಲ್ಲಿಯೇ ಸಮಜಾಯಿಷಿ ಕೊಡಲು ಹೊರಟರೆ ಹತ್ತು ಜನ ನ್ಯಾಯಾಧೀಶರಾಗುತ್ತಾರೆ.

ಇದಾದ ಮೇಲೆ ಎಲ್ಲ ತಣ್ಣಗಾಗುತ್ತದೆ ಎಂದುಕೊಳ್ಳಬಾರದು. ಮೊದಲ ಕೆಲವು ದಿನ ಒತ್ತಡ ಹೆಚ್ಚಾಗುವುದೇ ಸಹಜ. ಹಿಂದೆ ಫಲ ಕೊಟ್ಟ ದಾರಿ ಈಗ ಕೊಡದಿದ್ದಾಗ ಮನುಷ್ಯರು ಅದನ್ನು ತಕ್ಷಣ ಬಿಡುವುದಿಲ್ಲ, ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತಾರೆ. ಈ ಹೊತ್ತಿನಲ್ಲಿ ಸೋತು ಬಸ್ಸು ಹತ್ತಿದರೆ, ಇನ್ನೂ ಸ್ವಲ್ಪ ಜೋರು ಮಾಡಿದರೆ ಆಗುತ್ತದೆ ಎಂಬ ಪಾಠ ಗಟ್ಟಿಯಾಗುತ್ತದೆ. ಹಾಗಾಗಿ ತೀರ್ಮಾನ ಮಾಡುವ ಮೊದಲೇ ಚೆನ್ನಾಗಿ ಯೋಚಿಸಬೇಕು. ಹೋಗಲು ಸಾಧ್ಯವೇ ಇದ್ದರೆ, ಹೋಗುವ ಮನಸ್ಸಿದ್ದರೆ ಮೊದಲ ಸಂದೇಶಕ್ಕೇ ಹ್ಞೂಂ ಎನ್ನುವುದು ಎಷ್ಟೋ ವಾಸಿ.

ಮಗಳ ಕಡೆಯ ಹೊಣೆ ಒಂದಿದೆ, ಅದು ತಪ್ಪಿದರೆ ಮೇಲಿನದೆಲ್ಲ ವ್ಯರ್ಥ. ಎರಡನೇ ಶನಿವಾರ ಎಂದರೆ ಎರಡನೇ ಶನಿವಾರ ಹೋಗಿರಲೇಬೇಕು. ಆ ದಿನವೂ ತಪ್ಪಿದರೆ ಆಮೇಲೆ ಅಮ್ಮ ಬರೆಯುವುದು ಒತ್ತಡವಾಗಿ ಉಳಿಯುವುದಿಲ್ಲ, ನ್ಯಾಯವಾದ ದೂರಾಗುತ್ತದೆ. ನೇರವಾಗಿ ಕೇಳಿದಾಗಲೂ, ಏನೂ ಕೇಳದಿದ್ದಾಗಲೂ ಮಗಳು ಬರುತ್ತಾಳೆ ಎಂದು ಅಮ್ಮನಿಗೆ ಅನುಭವಕ್ಕೆ ಬರಬೇಕು. ಅತ್ತರೆ ಮಾತ್ರ ಬರುತ್ತಾಳೆ ಎಂಬುದು ಅನುಭವವಾಗಿದ್ದರೆ ಅಳುವುದನ್ನು ಬಿಡು ಎನ್ನಲು ನಮಗೆ ಬಾಯಿಲ್ಲ.

ಈ ಎಲ್ಲ ಲೆಕ್ಕಾಚಾರ ನಿಲ್ಲಿಸಬೇಕಾದ ಒಂದು ಸ್ಥಳವಿದೆ. ‘ನಾನು ಸತ್ತೇ ಹೋಗ್ತೀನಿ’, ‘ಮಾತ್ರೆ ಎಲ್ಲ ಒಟ್ಟಿಗೆ ನುಂಗ್ಬಿಡ್ತೀನಿ’ ಎಂಬ ಸಂದೇಶ ಬಂದರೆ ಅದು ಒತ್ತಡವೋ ನಿಜವೋ ಎಂದು ತೂಗುತ್ತಾ ಕೂರಬಾರದು. ಎರಡೂ ಒಟ್ಟಿಗೆ ಆಗಿರಲು ಸಾಧ್ಯ. ಮನೆಯ ಹತ್ತಿರ ಇರುವವರನ್ನು ಕೂಡಲೇ ಕಳಿಸಬೇಕು, ಅವರನ್ನು ಒಂಟಿಯಾಗಿ ಬಿಡಬಾರದು, ಮಾತ್ರೆ, ಕೀಟನಾಶಕ ಕೈಗೆ ಸಿಗದಂತೆ ಮಾಡಬೇಕು. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಸಂಕಟದಲ್ಲಿರುವವರೇ ಮಾಡಬೇಕೆಂದಿಲ್ಲ, ದೂರದಲ್ಲಿರುವ ಮಗನೋ ಮಗಳೋ ಮಾಡಿ ಏನು ಮಾಡಲಿ ಎಂದು ಕೇಳಬಹುದು. ಆದರೆ ಒಪ್ಪಿಗೆಯ ವಿಷಯವನ್ನು ಆಗಲೂ ಬೇರೆಯೇ ಇಡಬೇಕು. ಜೀವ ಉಳಿಸಲು ಓಡಬೇಕು, ನಿಜ. ಆ ಗಾಬರಿಯಲ್ಲಿ ಮದುವೆಗೋ ಆಸ್ತಿಗೋ ಹ್ಞೂಂ ಎಂದುಬಿಡುವುದು ಚಿಕಿತ್ಸೆಯಲ್ಲ.

ಸದ್ದಿಲ್ಲದೆ ಬರುವ ಇನ್ನೊಂದು ಸೂಚನೆಯನ್ನೂ ಗಮನಿಸಬೇಕು. ವಯಸ್ಸಾದವರಲ್ಲಿ ಖಿನ್ನತೆ ಹಲವು ಸಲ ದುಃಖದ ಮಾತಾಗಿ ಬರುವುದಿಲ್ಲ. ಮೈಕೈ ನೋವು, ಹೊಟ್ಟೆ ಸರಿಯಿಲ್ಲ, ನಿದ್ದೆ ಇಲ್ಲ, ‘ನಾನು ಯಾರಿಗೂ ಬೇಡ’ ಎಂಬ ರೂಪದಲ್ಲಿ ಬರುತ್ತದೆ. ಓದಿದವರಿಗೆ ಇದು ಹಂಗಿಸುವ ಮಾತಿನಂತೆಯೇ ಕೇಳಿಸುತ್ತದೆ. ಒತ್ತಡವಾದರೆ ಬೇಡಿಕೆ ಈಡೇರಿದ ಕೂಡಲೇ ಮನಸ್ಸು ಅರಳುತ್ತದೆ, ಹಬ್ಬಕ್ಕೆ ಮಗಳು ಬಂದಳೆಂದರೆ ಅಮ್ಮ ಒಬ್ಬಟ್ಟು ತಟ್ಟುತ್ತಾ ಓಡಾಡುತ್ತಾಳೆ. ಖಿನ್ನತೆಯಾದರೆ ಮಗಳು ಬಂದು ಎದುರಿಗೆ ಕೂತರೂ ಮುಖ ಅರಳುವುದಿಲ್ಲ. ದಿನಾ ಹೋಗುತ್ತಿದ್ದ ದೇವಸ್ಥಾನ ಬಿಟ್ಟಿದ್ದಾರೆ, ಟಿವಿ ಧಾರಾವಾಹಿಯೂ ಬೇಡವಾಗಿದೆ, ಎರಡು ವಾರ ಕಳೆದರೂ ಹೀಗೆಯೇ ಇದೆ ಎಂದಾದರೆ ಆ ಸಂದೇಶಗಳನ್ನು ಡಾಕ್ಟರಿಗೆ ಹೇಳಬೇಕಾದ ಲಕ್ಷಣಗಳೆಂದು ಓದಬೇಕು.

ಎರಡನೇ ಶನಿವಾರ ಮಗಳು ಅರಸೀಕೆರೆಯಲ್ಲಿ ಇಳಿಯುತ್ತಾಳೆ ಎಂದಿಟ್ಟುಕೊಳ್ಳೋಣ. ಅಮ್ಮ ಮೊದಲ ಅರ್ಧ ಗಂಟೆ ಸರಿಯಾಗಿ ಮಾತಾಡುವುದಿಲ್ಲ. ತಿಂಡಿ ಬಡಿಸಿ ‘ಹಬ್ಬದ ದಿನ ಮಾಡಿದ್ದ ಕಾಯಿಕಡುಬು ಪಕ್ಕದ ಮನೆಗೆ ಕೊಟ್ಟೆ’ ಎನ್ನುತ್ತಾಳೆ. ಮಗಳು ‘ನಂಗಿಷ್ಟ ಅದು’ ಎಂದಷ್ಟೇ ಹೇಳುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಅಟ್ಟದಿಂದ ಮೊರ ಇಳಿಸಿ, ಧೂಳು ಒರೆಸಿ, ಬೇಳೆ ಬೆಲ್ಲ ಹೊಸದಾಗಿ ತುಂಬುತ್ತಾಳೆ. ಸೆರಗು ಹಿಡಿದು ಬಾಗಿನ ಕೊಡುವಾಗ, ತಲೆ ಎತ್ತದೆ, ಮೆಲ್ಲಗೆ ಕೇಳುತ್ತಾಳೆ: ‘ದೀಪಾವಳಿಗೆ ರಜೆ ಇರುತ್ತಾ ಪುಟ್ಟಿ? ನೀನು ಬಂದ್ರೆ ನಂಗೆ ಚೆನ್ನಾಗಿರುತ್ತೆ.’